ಕ್ಯುಸೆಕ್ಕಿನೊಳಗೆ ಅಡಗಿರುವ ಸೆಕೆಂಡು

ಕೊಡಗಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಸಾಕು, ನಮ್ಮ ಬೀದಿಯ ಹಿರಿಯ ರೈತರೊಬ್ಬರು ಬೆಳಿಗ್ಗೆಯೇ ಪತ್ರಿಕೆ ಮಡಚಿಕೊಂಡು ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಕಾಫಿ ಬರುವ ಮೊದಲೇ ಪ್ರಶ್ನೆ ಬರುತ್ತದೆ. “ಮೇಷ್ಟ್ರೇ, ಕಟ್ಟೆಗೆ ಮೂವತ್ತು ಸಾವಿರ ಕ್ಯುಸೆಕ್ಸ್ ಬತ್ತಾ ಅದಂತೆ. ಎಷ್ಟು ಟಿಎಂಸಿ ಆಯ್ತದೆ?”

ಮಂಡ್ಯದ ಕಡೆ ಬರೀ ‘ಕಟ್ಟೆ’ ಎಂದರೆ ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ. ಅವರ ಕೈಯಲ್ಲಿರುವ ಪತ್ರಿಕೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಕ್ಯುಸೆಕ್, ಸಂಗ್ರಹ ಇಷ್ಟು ಟಿಎಂಸಿ. ಇದರಲ್ಲಿ ಅಡಿ ಎಂಬುದು ಎತ್ತರ, ಟಿಎಂಸಿ ಎಂಬುದು ರಾಶಿ, ಕ್ಯುಸೆಕ್ ಎಂಬುದು ವೇಗ. ಮೂರೂ ಬೇರೆ ಬೇರೆ ಜಾತಿಯವು, ಒಂದೇ ಚೌಕದಲ್ಲಿ ಒತ್ತಾಗಿ ಕೂತಿವೆ. ಹಾಗಾಗಿಯೇ ‘ನಿನ್ನೆ ಜಲಾಶಯಕ್ಕೆ ಮೂವತ್ತು ಸಾವಿರ ಕ್ಯುಸೆಕ್ ನೀರು ಹರಿದು ಬಂದಿದೆ’ ಎಂಬ ವಾಕ್ಯ ಸುದ್ದಿಯಲ್ಲಿ ಸಲೀಸಾಗಿ ಓಡಾಡುತ್ತದೆ. ‘ನಿನ್ನೆ ಮೈಸೂರಿಗೆ ಗಂಟೆಗೆ ಅರವತ್ತು ಕಿಲೋಮೀಟರ್ ಹೋಗಿದ್ದೆ’ ಅಂದಂತೆ ಅದು. ಅರವತ್ತರ ವೇಗದಲ್ಲಿ ಎಷ್ಟು ಹೊತ್ತು ಹೋದಿರಿ ಎಂದು ಹೇಳದ ಹೊರತು ಎಷ್ಟು ದೂರ ಹೋದಿರೆಂದು ಯಾರಿಗೂ ತಿಳಿಯುವುದಿಲ್ಲ.

ನಮ್ಮ ರೈತರ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಬರಹದ ಕೆಲಸ. ಗಂಟೆಗೊಮ್ಮೆ ಬರೆದಿಟ್ಟ ಹರಿವಿನ ಅಂಕಿಗಳಿಂದ ಒಟ್ಟು ಬಂದ ನೀರನ್ನು ಅಂದಾಜು ಮಾಡುವುದು ಹೇಗೆ? ಕೂಡುವುದು, ಗುಣಿಸುವುದು ಬಂದರೆ ಸಾಕು. ಬೀಜಗಣಿತ ಬೇಡ.

ಮೊದಲು ಆ ಎರಡು ಹೆಸರುಗಳನ್ನು ಬಿಡಿಸೋಣ. ಕ್ಯುಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಪೆಟ್ಟಿಗೆಯಲ್ಲಿ 28.3 ಲೀಟರ್ ಹಿಡಿಯುತ್ತದೆ. ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಎರಡು ಕೊಡ. ‘ಸೆಕೆಂಡಿಗೆ ಎರಡು ಕೊಡ’ ಎಂದುಕೊಂಡರೆ ಒಂದು ಕ್ಯುಸೆಕ್ ಕಣ್ಣಿಗೆ ಕಟ್ಟುತ್ತದೆ. ಇನ್ನು ಟಿಎಂಸಿ ಅಂದರೆ ಸಾವಿರ ಮಿಲಿಯ ಘನ ಅಡಿ, ನಮ್ಮ ಮಾತಿನಲ್ಲಿ ನೂರು ಕೋಟಿ ಘನ ಅಡಿ. ಇದರಲ್ಲಿ ಸೆಕೆಂಡೂ ಇಲ್ಲ, ಗಂಟೆಯೂ ಇಲ್ಲ. ಬರೀ ಗಾತ್ರ. ಕ್ಯುಸೆಕ್ ಎಂಬ ಹೆಸರಿನಲ್ಲಿ ಒಂದು ಸೆಕೆಂಡು ಅಡಗಿ ಕೂತಿದೆ, ಟಿಎಂಸಿಯಲ್ಲಿ ಇಲ್ಲ. ಕ್ಯುಸೆಕ್ಕಿನಿಂದ ಟಿಎಂಸಿಗೆ ಹೋಗಬೇಕಾದರೆ ಆ ಸೆಕೆಂಡನ್ನು ಹೊಡೆದುಹಾಕಬೇಕು. ಅದನ್ನು ಹೊಡೆದುಹಾಕುವುದು ಇನ್ನೊಂದು ಸೆಕೆಂಡು ಮಾತ್ರ. ಗಂಟೆಯಿಂದಲೋ ದಿನದಿಂದಲೋ ಆ ಕೆಲಸ ಆಗುವುದಿಲ್ಲ.

ಸುಲಭದ ಲೆಕ್ಕ ಒಂದನ್ನು ಮೊದಲು ಮಾಡಿಬಿಡೋಣ. 2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ತಮಿಳುನಾಡಿಗೆ 15 ದಿನ, ದಿನವೂ 5,000 ಕ್ಯುಸೆಕ್ ಬಿಡಬೇಕೆಂದು ಹೇಳಿತು. ಆಗ ಚಹಾದಂಗಡಿಯಲ್ಲಿ ಜಗಳ ಜೋರಾಗಿತ್ತು. ಒಬ್ಬರು ‘ಐದು ಸಾವಿರ ತಾನೆ’ ಅನ್ನುತ್ತಿದ್ದರು, ಇನ್ನೊಬ್ಬರು ‘ಹದಿನೈದ್ ಐದಲ ಎಪ್ಪತ್ತೈದು ಸಾವಿರ’ ಅನ್ನುತ್ತಿದ್ದರು. ಎಪ್ಪತ್ತೈದು ಸಾವಿರ ಏನು ಎಂದು ಕೇಳಿದರೆ ಉತ್ತರ ಇಲ್ಲ. ಅದು ‘ಕ್ಯುಸೆಕ್-ದಿನ’. ಒಳಗಿನ ಸೆಕೆಂಡು ಇನ್ನೂ ಬದುಕಿದೆ, ಪಕ್ಕದಲ್ಲಿ ದಿನ ಬೇರೆ ಬಂದು ನಿಂತಿದೆ. ಒಂದು ದಿನಕ್ಕೆ 86,400 ಸೆಕೆಂಡು. 75,000ವನ್ನು 86,400ರಿಂದ ಗುಣಿಸಿದರೆ 648 ಕೋಟಿ ಘನ ಅಡಿ. ನೂರು ಕೋಟಿಗೆ ಒಂದು ಟಿಎಂಸಿ, ಆದ್ದರಿಂದ 6.48 ಟಿಎಂಸಿ. 49.452 ಟಿಎಂಸಿ ಹಿಡಿಯುವ ಕಟ್ಟೆಯ ಮುಂದೆ ಇದನ್ನು ಇಟ್ಟು ನೋಡಿದಾಗ ಜಗಳಕ್ಕೆ ಒಂದು ಅಳತೆಯಾದರೂ ಸಿಗುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿದರೆ ಹೊಲದಲ್ಲಿ ನಿಂತು ಬಾಯಲ್ಲೇ ಮಾಡಬಹುದಾದ ಒಂದು ಸೂತ್ರ ಬರುತ್ತದೆ: ಇಡೀ ಒಂದು ದಿನ ಹನ್ನೊಂದೂವರೆ ಸಾವಿರ ಕ್ಯುಸೆಕ್ ಬಂದರೆ ಒಂದು ಟಿಎಂಸಿ. ನಿಖರವಾಗಿ ಬೇಕಿದ್ದರೆ 11,574. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ನಮ್ಮ ಉತ್ತರ ಸರಿಯೋ ತಪ್ಪೋ ಎಂದು ನೋಡಲು ಬೇಕಾಗುತ್ತದೆ.

ಪ್ರಾಧಿಕಾರದ ಆದೇಶದ ಲೆಕ್ಕ ಸುಲಭ, ಏಕೆಂದರೆ ಅಲ್ಲಿ ಹರಿವು ಕದಲುವುದಿಲ್ಲ. ಕಾಗದದ ಮೇಲೆ ಹದಿನೈದು ದಿನವೂ ಐದು ಸಾವಿರವೇ. ನದಿ ಹಾಗಲ್ಲ. ಮಳೆಗಾಲದ ಒಂದು ಬೆಳಿಗ್ಗೆ ಆರು ಗಂಟೆಗೆ ಸುಮ್ಮನಿದ್ದ ಹೊಳೆ ಹತ್ತು ಗಂಟೆಗೆ ಮೂರು ಪಟ್ಟು ಆಗಿರುತ್ತದೆ. ಯಾವ ಅಂಕಿಯನ್ನು ಎಷ್ಟು ಹೊತ್ತಿಗೆ ಗುಣಿಸುವುದು? ತೊಡಕಿರುವುದು ಇಲ್ಲಿಯೇ.

ಅದಕ್ಕೆ ಮುಂಚೆ, ಗಂಟೆಯ ಅಂಕಿ ಎಲ್ಲಿಂದ ಬರುತ್ತದೆ ಎಂದು ಸ್ವಲ್ಪ ತಿಳಿದಿರಲಿ. ನದಿಯ ಹರಿವನ್ನು ಗಂಟೆಗೊಮ್ಮೆ ಯಾರೂ ನೇರವಾಗಿ ಅಳೆಯುವುದಿಲ್ಲ, ಅಳೆಯುವುದು ನೀರಿನ ಎತ್ತರವನ್ನು. ಹೊಳೆಯ ದಡದಲ್ಲಿ ಗುರುತು ಬರೆದ ಗೇಜ್ ಕಂಬ ನಿಂತಿರುತ್ತದೆ. ಹೇಮಾವತಿಗೆ ಅಕ್ಕಿಹೆಬ್ಬಾಳಿನಲ್ಲಿ ಅಂಥ ಮಾಪನ ಕೇಂದ್ರವಿದೆ. ನೀರು ಯಾವ ಗೆರೆ ಮುಟ್ಟಿದೆ ಎಂದು ಓದಿ ಪುಸ್ತಕದಲ್ಲಿ ಬರೆಯುತ್ತಾರೆ. ಈಗೀಗ ಹಲವು ಕಡೆ ಸೆನ್ಸರೇ ಓದುತ್ತದೆ. ಆ ಜಾಗದಲ್ಲಿ ಬೇರೆ ಬೇರೆ ಮಟ್ಟಗಳಲ್ಲಿ ಕರೆಂಟ್ ಮೀಟರ್ ಇಳಿಸಿ ನಿಜವಾದ ಹರಿವನ್ನು ಮೊದಲೇ ಅಳೆದು, ‘ಇಷ್ಟು ಎತ್ತರವಿದ್ದರೆ ಇಷ್ಟು ಹರಿವು’ ಎಂದು ಒಂದು ಪಟ್ಟಿ ಮಾಡಿಟ್ಟಿರುತ್ತಾರೆ. ಎತ್ತರವನ್ನು ಆ ಪಟ್ಟಿಯಲ್ಲಿ ಹುಡುಕಿದರೆ ಹರಿವು ಸಿಗುತ್ತದೆ. ಪ್ರವಾಹ ಬಂದು ಮರಳು ಸರಿದು ಹೊಳೆಯ ತಳ ಬದಲಾದರೆ ಹಳೆಯ ಪಟ್ಟಿ ಸುಳ್ಳು ಹೇಳತೊಡಗುತ್ತದೆ. ಅದಕ್ಕೇ ಪಟ್ಟಿಯನ್ನು ಆಗಾಗ ತಿದ್ದಬೇಕು. ಅಂದರೆ ನಮ್ಮ ಕೈಗೆ ಬರುವ 18,000 ಎಂಬ ಅಂಕಿಯ ಕೊನೆಯ ಮೂರು ಸೊನ್ನೆಗಳನ್ನು ಅಕ್ಷರಶಃ ನಂಬಬಾರದು.

ಈಗ ಕೆಲಸಕ್ಕೆ ಇಳಿಯೋಣ. ಕೆಳಗಿನವು ಪಾಠಕ್ಕೆಂದು ನಾನೇ ಬರೆದುಕೊಂಡ ಅಂಕಿಗಳು, ಯಾವುದೇ ದಿನದ ದಾಖಲೆ ಅಲ್ಲ. ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರವರೆಗೆ ಜಲಾಶಯದ ಬಾಯಿಯಲ್ಲಿ ಬರುತ್ತಿರುವ ಹರಿವು:

| ಗಂಟೆ | ಹರಿವು (ಕ್ಯುಸೆಕ್) |
|---|---|
| 6 | 8,000 |
| 7 | 9,000 |
| 8 | 12,000 |
| 9 | 18,000 |
| 10 | 24,000 |
| 11 | 26,000 |
| 12 | 25,000 |

ಇದನ್ನು ತರಗತಿಯಲ್ಲಿ ಕೊಟ್ಟಾಗ ಮಕ್ಕಳಿಗೆ ಮೊದಲು ಗ್ರಾಫ್ ಹಾಳೆ ತೆಗೆಯಲು ಹೇಳುತ್ತಿದ್ದೆ. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಸಾವಿರ ಕ್ಯುಸೆಕ್. ಏಳು ಚುಕ್ಕೆ ಇಟ್ಟು ಸೇರಿಸಿದರೆ ಗುಡ್ಡ ಹತ್ತಿದಂತೆ ಒಂದು ಗೆರೆ ಬರುತ್ತದೆ. ಆಮೇಲೆ ಒಂದೇ ಒಂದು ಚೌಕವನ್ನು ತೋರಿಸಿ, ಇದರ ಬೆಲೆ ಏನು ಎಂದು ಕೇಳುತ್ತಿದ್ದೆ. ಅಗಲ ಒಂದು ಗಂಟೆ, ಎತ್ತರ ಸಾವಿರ ಕ್ಯುಸೆಕ್. ಸೆಕೆಂಡಿಗೆ ಸಾವಿರ ಘನ ಅಡಿ, 3,600 ಸೆಕೆಂಡು: 36 ಲಕ್ಷ ಘನ ಅಡಿ. ಚೌಕ ಈಗ ಬರೀ ಚೌಕವಲ್ಲ, ನೀರು ತುಂಬಿದ ತೊಟ್ಟಿ. ಗೆರೆಯ ಕೆಳಗೆ ಎಷ್ಟು ತೊಟ್ಟಿಗಳಿವೆ ಎಂದು ಎಣಿಸಿದರೆ ಬಂದ ನೀರೆಲ್ಲ ಸಿಕ್ಕಿತು. ಒಟ್ಟು ನೀರು ಎಂದರೆ ಗೆರೆಯ ಕೆಳಗಿನ ವಿಸ್ತೀರ್ಣ ಎಂದು ಪುಸ್ತಕ ಹೇಳುವುದು ಇದನ್ನೇ.

ಎಣಿಸುವುದು ಹೇಗೆ? ಒಂದು ದಾರಿ: ಆಯಾ ಗಂಟೆಯ ಶುರುವಿನಲ್ಲಿದ್ದ ಹರಿವೇ ಆ ಗಂಟೆಯುದ್ದಕ್ಕೂ ಇತ್ತು ಎಂದುಕೊಳ್ಳುವುದು. ಆರು ಗಂಟೆಯ 8,000 ಏಳರವರೆಗೆ, ಏಳರ 9,000 ಎಂಟರವರೆಗೆ, ಹೀಗೆ. 8, 9, 12, 18, 24, 26 ಕೂಡಿದರೆ 97 ಚೌಕ. 36 ಲಕ್ಷದಿಂದ ಗುಣಿಸಿದರೆ 34.92 ಕೋಟಿ ಘನ ಅಡಿ. ಆದರೆ ಹೊಳೆ ಏರುತ್ತಿದೆ. ಎಂಟಕ್ಕೆ 12,000 ಇದ್ದದ್ದು ಒಂಬತ್ತಕ್ಕೆ 18,000 ಆದಾಗ, ಆ ಇಡೀ ಗಂಟೆ 12,000 ಎಂದು ಬರೆಯುವುದು ನದಿಗೆ ಮೋಸ. ಇನ್ನೊಂದು ದಾರಿ ಗಂಟೆಯ ಕೊನೆಯ ಹರಿವನ್ನು ತೆಗೆದುಕೊಳ್ಳುವುದು. 9, 12, 18, 24, 26, 25 ಕೂಡಿದರೆ 114 ಚೌಕ, 41.04 ಕೋಟಿ ಘನ ಅಡಿ. ಇದು ಮೋಸವನ್ನು ಆ ಕಡೆಗೆ ತಿರುಗಿಸಿತು, ಅಷ್ಟೆ.

ಎರಡರ ನಡುವೆ ಆರು ಕೋಟಿ ಚಿಲ್ಲರೆ ವ್ಯತ್ಯಾಸ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಎರಡನ್ನೂ ಕೂಡಿ ಅರ್ಧ ಮಾಡಿದ್ರೆ?” ಎಂದಳು. ಮಾಡಬೇಕಾದ್ದೇ ಅದು. ಆಯಾ ಗಂಟೆಯ ಮೊದಲ ಮತ್ತು ಕೊನೆಯ ಹರಿವಿನ ಸರಾಸರಿ ತೆಗೆದುಕೊಂಡರೆ ಎಂಟರಿಂದ ಒಂಬತ್ತರವರೆಗೆ 15,000, ಒಂಬತ್ತರಿಂದ ಹತ್ತರವರೆಗೆ 21,000. ಗ್ರಾಫಿನ ಮೇಲೆ ಪ್ರತಿ ಗಂಟೆಯೂ ಮೇಲ್ತುದಿ ಓರೆಯಾದ ಪಟ್ಟಿ ಆಗುತ್ತದೆ. ಹೈಸ್ಕೂಲಿನ ತ್ರಾಪಿಜ್ಯ ಅದೇ. ಸಮಾಂತರ ಬಾಹುಗಳನ್ನು ಕೂಡಿ, ಅರ್ಧ ಮಾಡಿ, ನಡುವಿನ ಅಂತರದಿಂದ ಗುಣಿಸಿ ಎಂದು ಬಾಯಿಪಾಠ ಮಾಡಿದ್ದು ಹೊಳೆಯ ದಡದಲ್ಲಿ ಕೆಲಸಕ್ಕೆ ಬಂತು. ಆರು ಪಟ್ಟಿಗಳೂ ಸೇರಿ 105.5 ಚೌಕ. 36 ಲಕ್ಷದಿಂದ ಗುಣಿಸಿದರೆ 37.98 ಕೋಟಿ ಘನ ಅಡಿ, ಅಂದರೆ 0.38 ಟಿಎಂಸಿ.

ಇದರಲ್ಲೊಂದು ಒಳಗುಟ್ಟಿದೆ. ನಡುವಿನ ಐದು ಅಂಕಿಗಳು ಎರಡೆರಡು ಪಟ್ಟಿಗೆ ಅರ್ಧರ್ಧ ಹಂಚಿಕೊಂಡು ಪೂರ್ತಿ ಬರುತ್ತವೆ. ತುದಿಯ ಎರಡು ಅಂಕಿಗಳಿಗೆ ಒಂದೊಂದೇ ಪಟ್ಟಿ, ಆದ್ದರಿಂದ ಅರ್ಧವೇ ಬರುತ್ತವೆ. ಬರೆದರೆ ಹೀಗೆ:

```
V = 3600 × (Q6/2 + Q7 + Q8 + Q9 + Q10 + Q11 + Q12/2)
```

ಇಲ್ಲಿ V ಘನ ಅಡಿಯಲ್ಲಿ, Q ಕ್ಯುಸೆಕ್ಕಿನಲ್ಲಿ, ಅಂಕಿಯು ಗಂಟೆ. 3600 ಎಂಬುದಕ್ಕೂ ಮಾನ ಇದೆ: ಪ್ರತಿ ಅಂತರಕ್ಕೆ ಇಷ್ಟು ಸೆಕೆಂಡು ಎಂದು. ಅದನ್ನು ಬರೆಯದೆ ಬಿಟ್ಟರೆ ನಾಳೆ ಎರಡು ಗಂಟೆಗೊಮ್ಮೆ ಓದಿದ ಅಂಕಿಗಳಿಗೂ ಇದೇ ಸೂತ್ರವನ್ನು ಕಣ್ಣುಮುಚ್ಚಿ ಹಚ್ಚುತ್ತೀರಿ.

ಏಳು ಅಂಕಿಗಳಿವೆಯಲ್ಲ, ಏಳನ್ನೂ ಕೂಡಿ 3,600ರಿಂದ ಗುಣಿಸಿದರೆ ಏನು ಎಂದು ಬಹಳ ಮಂದಿ ಕೇಳುತ್ತಾರೆ, ಇನ್ನೂ ಬಹಳ ಮಂದಿ ಕೇಳದೆಯೇ ಮಾಡುತ್ತಾರೆ. ಮಾಡಿದರೆ 43.92 ಕೋಟಿ ಬರುತ್ತದೆ. ಗಂಟೆಯ ಕೊನೆಯ ದೊಡ್ಡ ಅಂಕಿಗಳನ್ನೇ ಹಿಡಿದಾಗ ಬಂದ 41.04 ಕೋಟಿಯನ್ನೂ ಮೀರಿತು! ಬೇಲಿಯನ್ನು ನೆನೆಸಿಕೊಳ್ಳಿ. ಏಳು ಗೂಟ ನೆಟ್ಟರೆ ನಡುವೆ ಆರೇ ಸಂದು. ನೀರು ಹರಿಯುವುದು ಸಂದಿನಲ್ಲಿ, ಗೂಟದಲ್ಲಿ ಅಲ್ಲ. ಆರು ಗಂಟೆ ಹರಿದ ನದಿಗೆ ಏಳು ಗಂಟೆಯ ಕೂಲಿ ಕೊಟ್ಟಂತಾಯಿತು. ಇಪ್ಪತ್ತನಾಲ್ಕು ಗಂಟೆಯ ಪಟ್ಟಿಯಲ್ಲಿ ಈ ತಪ್ಪು ಅಷ್ಟು ಎದ್ದು ಕಾಣುವುದಿಲ್ಲ. ಹಾಗಾಗಿಯೇ ವರ್ಷಗಟ್ಟಲೆ ಉಳಿದುಕೊಂಡಿರುತ್ತದೆ.

ಈಗ ಪತ್ರಿಕೆಯ ಚೌಕಕ್ಕೆ ಒಮ್ಮೆ ಹಿಂತಿರುಗೋಣ. ಅಲ್ಲಿ ಒಳಹರಿವಿಗೆ ಇರುವುದು ಒಂದೇ ಅಂಕಿ. ಬೆಳಿಗ್ಗೆ ಆರರ 8,000 ಒಂದನ್ನೇ ಹಿಡಿದು ಆರು ಗಂಟೆಗೆ, ಅಂದರೆ 21,600 ಸೆಕೆಂಡಿಗೆ ಗುಣಿಸಿದ್ದರೆ 17.28 ಕೋಟಿ. ನಿಜಕ್ಕೆ ಹತ್ತಿರದ ಅಂದಾಜಿನ ಅರ್ಧವೂ ಇಲ್ಲ. ಹನ್ನೊಂದರ 26,000 ಹಿಡಿದಿದ್ದರೆ 56.16 ಕೋಟಿ, ಸುಮಾರು ಒಂದೂವರೆ ಪಟ್ಟು. ಅದೇ ಹೊಳೆ, ಅದೇ ಬೆಳಿಗ್ಗೆ. ಏರುವ ಹೊಳೆಗೆ ಒಂದು ಅಂಕಿ ಸಾಲದು ಎನ್ನುವುದಕ್ಕೆ ಬೇರೆ ಪುರಾವೆ ಬೇಡ.

ಮಾನಗಳ ವಿಷಯಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಕೂಡುವುದರಲ್ಲಿ ತಪ್ಪುವವರು ಕಡಿಮೆ, ಮಾನದಲ್ಲಿ ತಪ್ಪುವವರೇ ಹೆಚ್ಚು. ಮಕ್ಕಳಿಗೆ ನಾನು ಹಾಕಿದ್ದ ಕಟ್ಟಳೆ ಒಂದೇ: ಅಂಕಿಯ ಪಕ್ಕದಲ್ಲಿ ಮಾನ ಬರೆಯದಿದ್ದರೆ ಅಂಕಿಗೆ ಅಂಕವಿಲ್ಲ. ‘1,05,500 ಘನ ಅಡಿ/ಸೆಕೆಂಡ್ × ಗಂಟೆ × 3,600 ಸೆಕೆಂಡ್/ಗಂಟೆ’ ಎಂದು ಪೂರ್ತಿ ಬರೆದು, ಮೇಲಿನ ಗಂಟೆಗೆ ಕೆಳಗಿನ ಗಂಟೆ, ಕೆಳಗಿನ ಸೆಕೆಂಡಿಗೆ ಮೇಲಿನ ಸೆಕೆಂಡು ಎಂದು ಪೆನ್ಸಿಲಿನಲ್ಲಿ ಗೀಟು ಹಾಕಿದರೆ ಕೊನೆಗೆ ಘನ ಅಡಿ ಒಂದೇ ಉಳಿಯುತ್ತದೆ. ಉಳಿಯದಿದ್ದರೆ ಎಲ್ಲೋ ತಪ್ಪಿದೆ, ಉತ್ತರ ನೋಡುವ ಅಗತ್ಯವೇ ಇಲ್ಲ.

3,600 ಮರೆತು ‘1,05,500 ಘನ ಅಡಿ ಬಂತು’ ಎಂದು ಬರೆದವರಿಗೆ ನಾನು ತಪ್ಪು ಎನ್ನುತ್ತಿರಲಿಲ್ಲ. ಒಂದು ಎಕರೆಗೆ 43,560 ಚದರ ಅಡಿ, ನಿನ್ನ ನೀರನ್ನು ಒಂದು ಎಕರೆ ಗದ್ದೆಯಲ್ಲಿ ನಿಲ್ಲಿಸು ಎನ್ನುತ್ತಿದ್ದೆ. ಭಾಗಿಸಿ ನೋಡಿದರೆ ಎರಡು ಅಡಿ ಚಿಲ್ಲರೆ. ಒಂದೆಕರೆ ಗದ್ದೆಯಲ್ಲಿ ಎರಡು ಎರಡೂವರೆ ಅಡಿ ನೀರು ತುಂಬಲು ಉಕ್ಕುವ ಹೊಳೆಗೆ ಆರು ಗಂಟೆ ಬೇಕೇ? ಮಂಡ್ಯದ ಮಕ್ಕಳು, ನಾಲೆ ನೀರು ಕಂಡವರು, ಅವರೇ ನಕ್ಕು ತಿದ್ದಿಕೊಳ್ಳುತ್ತಿದ್ದರು. ಸರಿಯಾದ 37.98 ಕೋಟಿಯನ್ನು ಹಾಗೆಯೇ ಹರಡಿದರೆ 8,700 ಎಕರೆಗೆ ಒಂದೊಂದು ಅಡಿ ನಿಲ್ಲುತ್ತದೆ. ಇನ್ನೊಂದು ತಾಳೆ, ನಾನು ನೆನಪಿಟ್ಟುಕೊಳ್ಳಿ ಎಂದಿದ್ದ ಸೂತ್ರ: 11,574 ಕ್ಯುಸೆಕ್ಕಿಗೆ ದಿನಕ್ಕೊಂದು ಟಿಎಂಸಿ. ನಮ್ಮ ಸರಾಸರಿ ಹದಿನೇಳೂವರೆ ಸಾವಿರ, ದಿನವಿಡೀ ಬಂದಿದ್ದರೆ ಒಂದೂವರೆ ಟಿಎಂಸಿ, ಕಾಲು ದಿನಕ್ಕೆ 0.38. ಕೂತಿತು.

ಮಾನ ಬೆರೆಸುವ ತಪ್ಪು ಇನ್ನೂ ಕಿಲಾಡಿ. ನಮ್ಮ ರಾಜ್ಯದಲ್ಲೇ ಕನ್ನಂಬಾಡಿಯ ಮಟ್ಟ ಅಡಿಯಲ್ಲಿ, ಆಲಮಟ್ಟಿಯದು ಮೀಟರಿನಲ್ಲಿ, ಭರ್ತಿಯಾದರೆ 519.60. ಕೇಂದ್ರ ಜಲ ಆಯೋಗದ ದಾಖಲೆಗಳಲ್ಲಿ ಹರಿವು ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದಿರುತ್ತದೆ. ಅದನ್ನು ಕ್ಯುಮೆಕ್ ಎನ್ನುತ್ತಾರೆ. ಒಂದು ಕ್ಯುಮೆಕ್ಕಿಗೆ 35.31 ಕ್ಯುಸೆಕ್. ಒಂದು ಹೊಳೆಯ ಅಂಕಿ 340, ಇನ್ನೊಂದರದು 9,000 ಎಂದು ಬಂದಾಗ, ಮೊದಲನೆಯದು ಕ್ಯುಮೆಕ್ ಎಂದು ತಿಳಿಯದೆ 9,340 ಎಂದು ಕೂಡಿದರೆ, ನಿಜಕ್ಕೂ 12,000 ಕ್ಯುಸೆಕ್ಕಿದ್ದ ಹೊಳೆ ಒಂದು ಸಣ್ಣ ಹಳ್ಳವಾಗಿಬಿಡುತ್ತದೆ. ಉತ್ತರವೇನೂ ಹುಚ್ಚುಹುಚ್ಚಾಗಿ ಕಾಣುವುದಿಲ್ಲ, ಅದೇ ಅಪಾಯ.

ಕಂಪ್ಯೂಟರಿನ ಹಾಳೆಯಲ್ಲಿ ಮಾಡುವವರಿಗೂ ಒಂದು ಮಾತು. ಎಕ್ಸೆಲ್ ಹೊತ್ತನ್ನು ದಿನದ ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ಏಳು ಗಂಟೆಯಿಂದ ಆರು ಗಂಟೆ ಕಳೆದರೆ ಅದಕ್ಕೆ ಸಿಗುವುದು 1 ಅಲ್ಲ, ಒಂದು ದಿನದ ಇಪ್ಪತ್ತನಾಲ್ಕನೇ ಒಂದು ಭಾಗ. ಆದ್ದರಿಂದ ಅಲ್ಲಿ ಗುಣಿಸಬೇಕಾದ್ದು 3,600ರಿಂದ ಅಲ್ಲ, 86,400ರಿಂದ:

```
=(B2+B3)/2*(A3-A2)*86400
```

A ಕಂಬದಲ್ಲಿ ಹೊತ್ತು, B ಕಂಬದಲ್ಲಿ ಕ್ಯುಸೆಕ್. A ಕಂಬದಲ್ಲಿ ದಿನಾಂಕವಿಲ್ಲದೆ ಬರೀ ಹೊತ್ತು ಬರೆದಿದ್ದರೆ ರಾತ್ರಿ ಹನ್ನೊಂದರಿಂದ ಹನ್ನೆರಡಕ್ಕೆ ದಾಟುವಾಗ ಅಂತರ ಋಣವಾಗುತ್ತದೆ. ನಡುರಾತ್ರಿ ನದಿ ಇಪ್ಪತ್ಮೂರು ಗಂಟೆ ಹಿಂದಕ್ಕೆ ಹರಿದಂತೆ ಲೆಕ್ಕ ಬರುತ್ತದೆ. ದಿನದ ಒಟ್ಟು ಮೊತ್ತ ವಿಚಿತ್ರವಾಗಿ ಕಡಿಮೆ ಬಂದರೆ ಮೊದಲು ಆ ಸಾಲನ್ನೇ ನೋಡಿ.

ಇಷ್ಟೆಲ್ಲ ಮಾಡಿದ ಮೇಲೆ ಬಂದ 37.98 ಕೋಟಿಯನ್ನು ನಂಬುವುದು ಎಷ್ಟರ ಮಟ್ಟಿಗೆ? ಕಟ್ಟೆಯನ್ನೇ ಕೇಳಬಹುದು. ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದು ಕಳೆದರೆ ಉಳಿದದ್ದು ಮಟ್ಟವನ್ನು ಏರಿಸಿರಲೇಬೇಕು. ಆ ಆರು ಗಂಟೆ ನಾಲೆಗೂ ನದಿಗೂ ಸೇರಿ 5,000 ಕ್ಯುಸೆಕ್ ಬಿಟ್ಟಿದ್ದರು ಎಂದುಕೊಳ್ಳಿ. ಇದು ಕದಲದ ಹರಿವು, 21,600ರಿಂದ ಗುಣಿಸಿದರೆ ಮುಗಿಯಿತು: 10.8 ಕೋಟಿ. ಉಳಿಯಬೇಕಾದ್ದು 27.18 ಕೋಟಿ ಘನ ಅಡಿ. ಕನ್ನಂಬಾಡಿ ತುಂಬಿದಾಗ ನೀರು ಹರಡುವ ಜಾಗ ಸುಮಾರು 129 ಚದರ ಕಿಲೋಮೀಟರ್, ಅಡಿಗೆ ತಿರುಗಿಸಿದರೆ 139 ಕೋಟಿ ಚದರ ಅಡಿ. ಹಾಗಾಗಿ ಭರ್ತಿಯ ಹತ್ತಿರ ಮಟ್ಟ ಒಂದಡಿ ಏರಿತೆಂದರೆ ಸುಮಾರು 1.39 ಟಿಎಂಸಿ ಸೇರಿತೆಂದು ಅರ್ಥ. ನಮ್ಮ 27.18 ಕೋಟಿಗೆ ಮಟ್ಟ ಏರುವುದು ಅಡಿಯ ಐದನೇ ಒಂದು ಭಾಗ, ಎರಡು ಇಂಚು ಚಿಲ್ಲರೆ. ಆರು ಗಂಟೆ ಹೊಳೆ ಉಕ್ಕಿ ಬಂದು ಕೊನೆಗೆ ಎರಡು ಇಂಚು! ಮಟ್ಟ ಕಡಿಮೆಯಿದ್ದಾಗ ಕೆರೆಯ ಹರವು ಚಿಕ್ಕದು, ಆಗ ಅಷ್ಟೇ ನೀರು ಹೆಚ್ಚು ಇಂಚು ಏರಿಸುತ್ತದೆ. ಅದಕ್ಕಾಗಿ ಪ್ರತಿ ಮಟ್ಟಕ್ಕೂ ಸಂಗ್ರಹ ಬರೆದ ಪಟ್ಟಿಯನ್ನು ಅಣೆಕಟ್ಟೆಯಲ್ಲಿ ಇಟ್ಟಿರುತ್ತಾರೆ.

ಹೊಳೆಗಳ ಬಾಯಿಯಲ್ಲಿ ಅಳೆಯುವ ಬದಲು ಈ ಲೆಕ್ಕವನ್ನು ತಿರುಗಿಸಿಯೇ ಒಳಹರಿವು ಹೇಳುವ ರೂಢಿಯೂ ಇದೆ: ಮಟ್ಟ ಎಷ್ಟು ಏರಿತು ನೋಡು, ಹೊರಬಿಟ್ಟದ್ದನ್ನು ಕೂಡು, ಹೊತ್ತಿನಿಂದ ಭಾಗಿಸು. ಕನ್ನಂಬಾಡಿಗೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಬರುತ್ತವೆ. ಸಣ್ಣಪುಟ್ಟ ಹಳ್ಳಗಳೂ, ಕೆರೆಯ ಮೇಲೆ ನೇರ ಬಿದ್ದ ಮಳೆಯೂ ಸೇರುತ್ತವೆ. ಮಟ್ಟದ ಲೆಕ್ಕ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ಆದರೆ ಗಂಟೆಗೊಮ್ಮೆ ಮಾಡಿದರೆ ಕೈಕೊಡುತ್ತದೆ. ಗಾಳಿ ಬೀಸಿ ಅಣೆಕಟ್ಟೆಯ ಬಳಿ ನೀರು ಅಡಿಯ ನೂರನೇ ಐದು ಭಾಗ, ಅಂದರೆ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ಎದ್ದು ಕಂಡಿತು ಎನ್ನಿ. 139 ಕೋಟಿ ಚದರ ಅಡಿಯ ಮೇಲೆ ಅದು 6.95 ಕೋಟಿ ಘನ ಅಡಿ. ಒಂದು ಗಂಟೆಗೆ ಭಾಗಿಸಿದರೆ 19,300 ಕ್ಯುಸೆಕ್! ಇಲ್ಲದ ಒಂದು ಹೊಳೆಯೇ ಹುಟ್ಟಿತು. ಮುಂದಿನ ಗಂಟೆ ಗಾಳಿ ನಿಂತರೆ ಒಳಹರಿವು ಸೊನ್ನೆಗಿಂತ ಕೆಳಗೂ ಇಳಿಯಬಹುದು. ಅದೇ ತಪ್ಪನ್ನು ಇಪ್ಪತ್ತನಾಲ್ಕು ಗಂಟೆಗೆ ಹಂಚಿದರೆ 800 ಕ್ಯುಸೆಕ್ಕಿನಷ್ಟು ಮಾತ್ರ. ಮಟ್ಟದ ಲೆಕ್ಕಕ್ಕೆ ದಿನವೇ ಸರಿಯಾದ ಅಳತೆ, ಗಂಟೆಯಲ್ಲ. ಗಂಟೆಯ ಏರಿಳಿತ ಬೇಕೆಂದರೆ ಹೊಳೆಯ ಗೇಜ್ ಕಂಬಕ್ಕೇ ಹೋಗಬೇಕು.

ಅಲ್ಲೂ ಒಂದು ಎಚ್ಚರ. ಕಂಬ ಇರುವುದು ಮೇಲೆಲ್ಲೋ, ನೀರು ಕಟ್ಟೆ ಮುಟ್ಟಲು ಹಲವು ಗಂಟೆ ಹಿಡಿಯುತ್ತದೆ. ಕಂಬದ ಬಳಿ ಆರರಿಂದ ಹನ್ನೆರಡರವರೆಗೆ ದಾಟಿದ ನೀರು ಕಟ್ಟೆಯ ಮಟ್ಟದಲ್ಲಿ ಆರರಿಂದ ಹನ್ನೆರಡರವರೆಗೆ ಕಾಣುವುದಿಲ್ಲ. ಎರಡನ್ನೂ ಒಂದೇ ಗಡಿಯಾರಕ್ಕೆ ತಾಳೆ ಹಾಕಿ ‘ಲೆಕ್ಕ ಕೂಡುತ್ತಿಲ್ಲ’ ಎಂದು ತಲೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ.

ನಮ್ಮ ಜಗಲಿಯ ರೈತರು ಈ ಪಾಠವನ್ನು ಎರಡು ಕಾಫಿಗಳಲ್ಲಿ ಮುಗಿಸಿದರು. ಅವರ ಮೂವತ್ತು ಸಾವಿರ ಕ್ಯುಸೆಕ್ ಕದಲದೆ ಇಡೀ ದಿನ ಬಂದರೆ 2.6 ಟಿಎಂಸಿ ಎಂದೆ. “ಬಂದ್ರೆ ತಾನೆ” ಎಂದು ಅವರೇ ಸೇರಿಸಿದರು. ಮುಂದಿನ ವಾರ ಹಳೆಯ ಕ್ಯಾಲೆಂಡರಿನ ಹಿಂದೆ, ಮೊಮ್ಮಗ ಮೊಬೈಲಿನಲ್ಲಿ ನೋಡಿ ಹೇಳಿದ ಗಂಟೆಗಂಟೆಯ ಅಂಕಿಗಳನ್ನು ಬಾಲ್‌ಪೆನ್ನಿನಲ್ಲಿ ಬರೆದುಕೊಂಡು ಬಂದಿದ್ದರು. ರಾತ್ರಿ ಒಂದಕ್ಕೆ 21,000, ಮೂರಕ್ಕೆ 23,000. ನಡುವೆ ಖಾಲಿ.

“ಎರಡು ಗಂಟೇದು ಸಿಕ್ಕಿಲ್ಲ ಮೇಷ್ಟ್ರೇ. ಸೊನ್ನೆ ಹಾಕ್ಲಾ?”

“ಸೊನ್ನೆ ಹಾಕಿದ್ರೆ ಎರಡು ಗಂಟೆಗೆ ಹೊಳೆ ಬತ್ತಿಹೋಗಿತ್ತು ಅಂತ ಆಗುತ್ತೆ. ಆ ಸಾಲು ಹೊಡೆದುಹಾಕಿ. ಒಂದರಿಂದ ಮೂರಕ್ಕೆ ನೇರ ಹೋಗಿ.”

ಅವರು ಸಾಲಿಗೆ ಗೀಟು ಎಳೆದರು. 21,000ಕ್ಕೆ 23,000 ಕೂಡಿ ಅರ್ಧ ಮಾಡಿದರು, 22,000. ಅದರ ಪಕ್ಕ 3,600 ಎಂದು ಬರೆದು ಪೆನ್ನು ನಿಲ್ಲಿಸಿದರು. ಮೇಲಿನ ಸಾಲುಗಳನ್ನು ಒಮ್ಮೆ ನೋಡಿದರು, ಕೆಳಗಿನದನ್ನು ನೋಡಿದರು. “ಇದು ಎರಡು ಗಂಟೆ ಸಂದು ಅಲ್ವರಾ” ಎಂದು 3,600ನ್ನು ಹೊಡೆದು 7,200 ಎಂದು ತಿದ್ದಿದರು. 15.84 ಕೋಟಿ ಬಂತು. ಸೊನ್ನೆ ಹಾಕಿದ್ದರೆ ಅದರ ಸರಿಯಾಗಿ ಅರ್ಧ ಬರುತ್ತಿತ್ತು.